ಫಲಕದ ಮೇಲಿನ ಹೆಸರು



ಮಗುವಿಗೆ, ಮನೆಗೆ, ಅಂಗಡಿಗೆ ಹೆಸರು ಸೂಚಿಸಬೇಕೆಂದು ನಮ್ಮಲ್ಲಿಗೆ ಬರುವವರು ಬಹಳ. ಮಠದಲ್ಲಿ ಓದಿದವರ ಬಾಯಲ್ಲಿ ನಾಲ್ಕು ಒಳ್ಳೆಯ ಶಬ್ದಗಳಿರುತ್ತವೆಂಬ ನಂಬಿಕೆ ಅದಕ್ಕೆ ಕಾರಣವಿರಬೇಕು. ನಾವೂ ಹಿಂದುಮುಂದು ನೋಡದೆ ಹೇಳಿ ಕಳಿಸುತ್ತಿದ್ದೆವು. ಆದರೆ ನಾವು ಕೊಟ್ಟ ಒಂದು ಹೆಸರಿನಿಂದ ಒಬ್ಬ ಹೆಣ್ಣುಮಗಳ ಜೀವನೋಪಾಯವೇ ನಿಂತುಹೋಗುವಂತಾಯಿತು. ಆ ಪ್ರಸಂಗವನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ದಾವಣಗೆರೆಯ ನಮ್ಮ ಪರಿಚಿತ ಭಕ್ತರೊಬ್ಬರ ಮಗಳು ಯೋಗಶಿಕ್ಷಣದಲ್ಲಿ ಡಿಪ್ಲೊಮಾ ಮುಗಿಸಿ, ಹೊಸ ಬಡಾವಣೆಯೊಂದರಲ್ಲಿ ಔಷಧದ ಅಂಗಡಿಯ ಮೇಲಿನ ಹಜಾರವನ್ನು ಬಾಡಿಗೆಗೆ ಹಿಡಿದಳು. ತಿಂಗಳಿಗೆ 14,000 ರೂಪಾಯಿ ಬಾಡಿಗೆ. ತಾಯಿಯ ಬಳೆಗಳನ್ನು ಅಡವಿಟ್ಟು ನೆಲಹಾಸು, ಕನ್ನಡಿ, ಫ್ಯಾನುಗಳನ್ನು ಹಾಕಿಸಿದ್ದಳು. ಬೆಳಿಗ್ಗೆ ಆರರಿಂದ ಏಳು, ಸಂಜೆ ಆರೂವರೆಯಿಂದ ಏಳೂವರೆ. ಬ್ಯಾಂಕಿನವರು, ಶಿಕ್ಷಕರು, ದಾದಿಯರು, ಅಂಗಡಿಯ ಲೆಕ್ಕ ಬರೆಯುವವರು, ಹೀಗೆ ದಿನವೆಲ್ಲ ಕುರ್ಚಿಯಲ್ಲಿ ಕುಳಿತೋ ನಿಂತೋ ದುಡಿಯುವವರಿಗಾಗಿ ಆ ಸಮಯವನ್ನು ಗೊತ್ತುಮಾಡಿದ್ದಳು. ತಲೆಗೆ ಸಾವಿರ ರೂಪಾಯಿಯಂತೆ ಇಪ್ಪತ್ತೈದು ಜನರಾದರೂ ಸೇರಿದರೆ ಬಾಡಿಗೆ ಕಳೆದು ಮನೆಗೆ ಏನಾದರೂ ಉಳಿಯುತ್ತದೆಂಬುದು ಅವಳ ಲೆಕ್ಕ.

ಶ್ರಾವಣ ಮಾಸದಲ್ಲಿ ಬಂದು, “ಗುರುಗಳೇ, ಒಂದು ಹೆಸರು ಕೊಡಿರಿ” ಎಂದಳು. ನಾವು ಕ್ಷಣವೂ ಯೋಚಿಸದೆ “ಶಿವಯೋಗ ಮಂದಿರ” ಎಂದೆವು. ಫಲಕ ಏರಿತು, ತೆಂಗಿನಕಾಯಿ ಒಡೆಯಿತು. ನಾವೇ ಹೋಗಿ ಆಶೀರ್ವದಿಸಿ ಬಂದೆವು.

ಮೂರು ತಿಂಗಳಾದ ಮೇಲೆ ಬಂದವಳ ಮುಖ ಬಾಡಿತ್ತು. ಸೇರಿದವರು ಒಂಬತ್ತೇ ಜನ. ಅವರಲ್ಲಿ ಏಳು ಮಂದಿ ನಿವೃತ್ತರು. ಫಲಕ ನೋಡಿ ಫೋನು ಮಾಡಿದವರು ಏನೇನು ಕೇಳಿದರೆಂಬುದನ್ನು ಅವಳು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆ ಪುಸ್ತಕವೇ ನಮಗೆ ಪಾಠವಾಯಿತು. “ಲಿಂಗದೀಕ್ಷೆ ಆಗದವರು ಬರಬಹುದೇ?” “ಸ್ನಾನ ಮಾಡಿಯೇ ಬರಬೇಕೇ?” “ನಾವು ಮಾಂಸ ತಿನ್ನುವವರು, ಪರವಾಗಿಲ್ಲವೇ?” ಮುಸಲ್ಮಾನ ದಾದಿಯೊಬ್ಬರು ಬಹಳ ಸೌಜನ್ಯದಿಂದ, “ನನಗೆ ಬರಲು ಇಷ್ಟವಿದೆ, ಆದರೆ ಮನೆಯಲ್ಲಿ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ ಈ ಹೆಸರನ್ನು ಹೇಗೆ ಹೇಳಲಿ?” ಎಂದಿದ್ದರಂತೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ: “ಇದು ಮಠದವರದಲ್ಲವೇ? ಹಾಗಿದ್ದರೆ ಹಣ ಯಾಕೆ?”

ಇದರಲ್ಲಿ ತಪ್ಪು ಅವರದಲ್ಲ, ನಮ್ಮದು. ನಮ್ಮ ಪರಂಪರೆಯಲ್ಲಿ ಶಿವಯೋಗವೆಂದರೆ ಗುರುವಿನಿಂದ ಪಡೆದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿ ನಿಲ್ಲಿಸುವ ಸಾಧನೆ. ಆ ಹುಡುಗಿ ಕಲಿಸುವುದು ತಾಡಾಸನ, ಭುಜಂಗಾಸನ, ಉಸಿರಿನ ಅಭ್ಯಾಸ. ಇಲ್ಲದ ದೀಕ್ಷೆಯನ್ನು ಫಲಕ ಸಾರುತ್ತಿತ್ತು. “ಮಂದಿರ” ಎಂದರಂತೂ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬರುವ ಜಾಗ. ಅಲ್ಲಿ ರಸೀದಿ ಪುಸ್ತಕ ಕಂಡರೆ ಯಾರಿಗಾದರೂ ಇರುಸುಮುರುಸಾಗುತ್ತದೆ. ಪೂಜ್ಯ ಶಬ್ದವನ್ನು ಶುಲ್ಕದ ಪಕ್ಕದಲ್ಲಿರಿಸಿದರೆ ಶಬ್ದಕ್ಕೂ ಹಗುರ, ಶುಲ್ಕಕ್ಕೂ ಸಂಕೋಚ.

ಕಾನೂನೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲವೆಂದು ಅವಳ ಸೋದರಮಾವನಾದ ವಕೀಲರು ನಮಗೆ ತಿಳಿಸಿದರು. 1999ರ ಟ್ರೇಡ್ ಮಾರ್ಕ್ ಕಾಯಿದೆಯ ಒಂಬತ್ತನೆಯ ಕಲಮಿನ ಪ್ರಕಾರ, ಯಾವುದೇ ವರ್ಗದವರ ಧಾರ್ಮಿಕ ಭಾವನೆಗೆ ನೋವಾಗುವಂತಹ ಹೆಸರಿಗೆ ನೋಂದಣಿ ಸಿಗುವುದಿಲ್ಲ. ಊದುಬತ್ತಿಗೆ “ರಾಮಾಯಣ” ಎಂಬ ಹೆಸರನ್ನು ತನ್ನದಾಗಿಸಿಕೊಳ್ಳಲು ಹೊರಟ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಯಾರೊಬ್ಬರೂ ಸ್ವಂತದ್ದೆಂದು ಹಿಡಿದಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆಯಂತೆ. “ಯೋಗ” ಎಂಬ ಶಬ್ದದ ಕಥೆಯೂ ಹೆಚ್ಚು ಬೇರೆಯಲ್ಲ. ಅದು ಕೆಲಸದ ವರ್ಣನೆಯಾದ್ದರಿಂದ ಅದಷ್ಟನ್ನೇ ಯಾರೂ ತಮ್ಮದೆನ್ನಲಾರರು.

ಫಲಕ ಇಳಿಯಿತು. ಈ ಸಲ ಹೆಸರು ಕೊಟ್ಟವನು ಫಲಕ ಮುದ್ರಿಸುವ ಅಂಗಡಿಯ ಹುಡುಗ: “ಪವರ್ ಯೋಗ ಫಿಟ್‌ನೆಸ್ ಸ್ಟುಡಿಯೋ”. ಹೊಸ ವರ್ಷದ ವಾರದಲ್ಲಿ ಮೂವತ್ತೊಂದು ಜನ ಸೇರಿದರು! ಅವಳು ಸಿಹಿ ಹಿಡಿದು ನಮ್ಮ ಮನೆಗೆ ಬಂದಳು. ನಾವೂ ನಮ್ಮ ಪಾಂಡಿತ್ಯಕ್ಕೆ ನಾಚಿ ಸಿಹಿ ತಿಂದೆವು. ಮಾರ್ಚಿ ಮುಗಿಯುವ ಹೊತ್ತಿಗೆ ಉಳಿದವರು ಎಂಟು ಜನ. ಆ ನೋಟುಬುಕ್ಕಿನ ಪ್ರಶ್ನೆಗಳು ಈಗ ಬೇರೆಯಾಗಿದ್ದವು. “ತಿಂಗಳಿಗೆ ಎಷ್ಟು ಕಿಲೋ ಇಳಿಯುತ್ತದೆ?” “ಮೂರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಷ್ಟು?” ಅವಳ ಪಾಠವೋ ನಿಧಾನದ್ದು. ಹಿಡಿದ ಕುತ್ತಿಗೆ, ಬಿಗಿದ ಸೊಂಟವನ್ನು ಸಡಿಲಿಸುವುದರಲ್ಲೇ ಮೊದಲ ತಿಂಗಳು ಕಳೆಯುತ್ತದೆ. ಬೆವರು ಹರಿಯುವುದೆಂದು ಬಂದವರಿಗೆ ಅದು ಮೋಸವೆನಿಸಿತು. ಇನ್ನು ಸ್ಟುಡಿಯೋ ಎಂಬುದು ದೊಡ್ಡ ನಗರಗಳಲ್ಲಿ ಏನೇ ಆಗಿರಲಿ, ನಮ್ಮ ಕಡೆ ಅದು ಫೋಟೊ ತೆಗೆಸುವ ಜಾಗ. ಆಧಾರ್ ಕಾರ್ಡಿನ ಭಾವಚಿತ್ರಕ್ಕೆಂದು ಇಬ್ಬರು ಮೆಟ್ಟಿಲು ಹತ್ತಿ ಬಂದದ್ದು ಕಥೆಯಲ್ಲ, ನಿಜ.

ಮೊದಲ ಹೆಸರಿಗೆ ಜನ ಬಾಗಿಲಲ್ಲೇ ನಿಂತರು. ಎರಡನೆಯದಕ್ಕೆ ಒಳಗೆ ಬಂದು ಹೊರಟುಹೋದರು. ಫೋನೇ ಬಾರದಿದ್ದರೆ, ಅಥವಾ ಬಂದ ಫೋನಿನಲ್ಲೆಲ್ಲ “ನಮ್ಮಂಥವರು ಬರಬಹುದೇ” ಎಂಬ ಅಳುಕಿದ್ದರೆ, ಹೆಸರು ಧರ್ಮದ ಕಡೆಗೆ ವಾಲಿದೆ. ಬಂದವರು ಎರಡನೆಯ ತಿಂಗಳ ಶುಲ್ಕ ಕಟ್ಟದೆ ಹೋದರೆ ಅದು ಸಂತೆಯ ಕಡೆಗೆ ವಾಲಿದೆ. ಈ ಭೇದವನ್ನು ನಾವು ಯಾವ ಶಾಸ್ತ್ರದಿಂದಲೂ ಕಲಿಯಲಿಲ್ಲ, ಆ ನೋಟುಬುಕ್ಕಿನಿಂದ ಕಲಿತೆವು.

ಮೂರನೆಯ ಸಲ ಅವಸರ ಮಾಡಲಿಲ್ಲ. ಮೊದಲು ಹೆಸರಿನ ಬಾಲವನ್ನು ನಿಶ್ಚಯಿಸಿದೆವು. ಕೇಂದ್ರವೆಂದರೆ ಸರಕಾರಿ ಕಚೇರಿಯ ನೆನಪು. ಆಶ್ರಮವೆಂದರೆ ಸಂಸಾರ ಬಿಟ್ಟವರದು. ಚಿಕಿತ್ಸಾಲಯವೆಂದರೆ ರೋಗಿಗಳು ವೈದ್ಯರನ್ನು ಕೇಳುತ್ತಾರೆ. “ಯೋಗಶಾಲೆ” ಎಂಬುದು ನಮಗೆ ಹಿಡಿಸಿತು. ಅದಕ್ಕೆ ಈ ನಾಡಿನಲ್ಲಿಯೇ ಪೂರ್ವವುಂಟು: ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ನಡೆಸತೊಡಗಿದ್ದು ಯೋಗಶಾಲೆಯೇ. ಪಟ್ಟಾಭಿ ಜೋಯಿಸರೂ ಬಿ.ಕೆ.ಎಸ್. ಅಯ್ಯಂಗಾರರೂ ಆ ಆಚಾರ್ಯರ ಶಿಷ್ಯರು. ಶಾಲೆಯೆಂದ ಮೇಲೆ ಕಲಿಯಲು ಬರುವುದು, ಶುಲ್ಕ ಕಟ್ಟುವುದು, ನಿಧಾನವಾಗಿ ಮುಂದಿನ ತರಗತಿಗೆ ಹೋಗುವುದು, ಎಲ್ಲವೂ ಸಹಜವಾಗಿ ಬಂದುಬಿಡುತ್ತವೆ.

ತಲೆಯ ಶಬ್ದಕ್ಕಾಗಿ ನಾಲ್ಕು ಚೀಟಿ ಬರೆದೆವು: ಸ್ವಾಸ್ಥ್ಯ, ಮುಂಜಾವು, ಹದ, ನಿರಾಳ. ಪರೀಕ್ಷೆಯ ಕ್ರಮವನ್ನು ಅವಳೇ ಯೋಚಿಸಿದಳು. ನಿತ್ಯ ದುಡಿಯುವ ಹತ್ತು ಜನರಿಗೆ, ಬಸ್ ನಿಲ್ದಾಣದ ಗದ್ದಲದಲ್ಲಿ ನಿಂತು, ಫೋನಿನಲ್ಲಿ ಒಂದೊಂದೇ ಹೆಸರು ಹೇಳುವುದು. ಅಲ್ಲಿ ಏನು ನಡೆಯುತ್ತದೆ, ಶುಲ್ಕ ಎಷ್ಟಿರಬಹುದು, ನಿಮ್ಮ ಜೊತೆ ಕೆಲಸ ಮಾಡುವವರನ್ನು ಕರೆತರಲು ಸಂಕೋಚವಾಗುತ್ತದೆಯೇ ಎಂದು ಕೇಳುವುದು. ತಾನಾಗಿ ಏನನ್ನೂ ವಿವರಿಸದಿರುವುದು. ಮರುದಿನ ಆ ಹೆಸರನ್ನು ಬರೆದು ಕಳಿಸಿರೆಂದು ಕೋರುವುದು.

ಸ್ವಾಸ್ಥ್ಯ ಮರುದಿನವೇ ಬಿದ್ದುಹೋಯಿತು. ಹತ್ತು ಜನ ಆರು ಬಗೆಯಲ್ಲಿ ಬರೆದಿದ್ದರು. ಅರ್ಥ ಚೆನ್ನಾಗಿದ್ದೂ ಬಾಯಿಗೆ ಒಗ್ಗದ ಒತ್ತಕ್ಷರದ ಹೆಸರನ್ನು ಆಟೊ ಚಾಲಕನಿಗೆ ಹೇಳುವುದು ಹೇಗೆ? ಮುಂಜಾವು ಕೇಳಿದವರು ಸಂಜೆ ತರಗತಿ ಇರಲಾರದೆಂದುಕೊಂಡರು. ದುಡಿಯುವವರಲ್ಲಿ ಅರ್ಧ ಜನಕ್ಕೆ ಬಿಡುವಿರುವುದೇ ಸಂಜೆ. ಹದ ನಮ್ಮ ಮನಸ್ಸಿನ ಹೆಸರಾಗಿತ್ತು. ಪಾಕಕ್ಕೆ, ಮಣ್ಣಿಗೆ, ಮಾತಿಗೆ ಸಲ್ಲುವ ಎಂಥ ಶಬ್ದ! ಆದರೆ ಗದ್ದಲದಲ್ಲಿ “ಹದ ಯೋಗಶಾಲೆ” ಎಂದದ್ದನ್ನು ನಾಲ್ವರು “ಹಠಯೋಗ ಶಾಲೆ” ಎಂದು ಬರೆದಿದ್ದರು. ಬಿಗಿದ ಸೊಂಟದವರಿಗೆ ಹಠವೆಂದು ಕೇಳಿಸಿದರೆ ಮೆಟ್ಟಿಲ ಬಳಿಯೇ ಹಿಂದಿರುಗುತ್ತಾರೆ. ಒಲ್ಲದ ಮನಸ್ಸಿನಿಂದ ಆ ಚೀಟಿಯನ್ನು ಹರಿದೆವು.

ನಿರಾಳ ಉಳಿಯಿತು. ಅದು ಅವಳು ಬರೆದ ಚೀಟಿ. ಮೊದಲಿಗೆ ನಾವು ಅದನ್ನು ಲಕ್ಷಿಸಿರಲಿಲ್ಲ. ಕೇಳಿದವರು “ಸುಸ್ತು ಕಳೆಯುವ ಜಾಗವಿರಬೇಕು” ಎಂದರು. ಶುಲ್ಕವನ್ನು ಎಂಟುನೂರರಿಂದ ಹದಿನೈದು ನೂರರೊಳಗೆ ಊಹಿಸಿದರು, ಯಾರೂ ಉಚಿತವೆನ್ನಲಿಲ್ಲ. ಯಾವ ಮನೆಯವರಿಗೂ ಹೇಳಲು ಅಡ್ಡಿಯಿಲ್ಲದ ಮಾತು. ಆ ರಾತ್ರಿ ನಮಗೆ ಹೊಳೆದದ್ದು ಬೇರೆ: ಕಚೇರಿಯಿಂದ ಬಂದವರು ಚೀಲ ಕೆಳಗಿಟ್ಟು “ಈಗ ನಿರಾಳ” ಎನ್ನುತ್ತಾರಲ್ಲ, ಅದೇ ಶಬ್ದ ಅಲ್ಲಮಪ್ರಭುಗಳ ವಚನಗಳಲ್ಲಿ ಆಕಾರಕ್ಕೂ ನಿರಾಕಾರಕ್ಕೂ ಆಚೆಯ ನಿಲುವನ್ನು ಸೂಚಿಸುತ್ತದೆ. ಬಲ್ಲವರಿಗೆ ಅದು ಅಲ್ಲಿದೆ; ಉಳಿದವರಿಗೆ ಅದರ ಭಾರವಿಲ್ಲ. ಶಿವನ ಹೆಸರನ್ನು ಫಲಕದ ಮೇಲೆ ಕೂಡಿಸಲು ಹೊರಟ ನಾವು ಅರುವತ್ತು ದಾಟಿದ ಮೇಲೆ ಇದನ್ನು ಒಬ್ಬ ಹುಡುಗಿಯಿಂದ ಕಲಿಯಬೇಕಾಯಿತು.

ದೋಷವಿಲ್ಲವೆಂದಲ್ಲ. ಮೊಬೈಲಿನಲ್ಲಿ ಹುಡುಕುವವರು ಕೆಲವರು Nirala ಎಂದೂ ಕೆಲವರು Niraala ಎಂದೂ ಒತ್ತುತ್ತಾರೆ. ಎರಡನ್ನೂ ಪರೀಕ್ಷಿಸಿ ನೋಡಿದ್ದಾಯಿತು. ಹಿಂದಿ ಬಲ್ಲವರು ಕವಿ ನಿರಾಲಾ ಅವರನ್ನು ನೆನೆಯುತ್ತಾರೆ, ಅದರಿಂದ ನಷ್ಟವೇನಿಲ್ಲ. ಇಷ್ಟು ಬಳಕೆಯ ಶಬ್ದವನ್ನು ಇನ್ನೊಬ್ಬರು ಇಟ್ಟುಕೊಂಡರೆ ತಡೆಯುವುದು ಕಷ್ಟವೆಂದು ವಕೀಲರು ಎಚ್ಚರಿಸಿದ್ದಾರೆ. ಶಿಕ್ಷಣ, ತರಬೇತಿಗಳು ಸೇರುವ 41ನೆಯ ವರ್ಗದಲ್ಲಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಮೂಲಕ ಅರ್ಜಿ ಹಾಕಲು 4,500 ರೂಪಾಯಿ ಬೇಕಂತೆ. ಬಳೆ ಬಿಡಿಸಿಕೊಂಡ ಮೇಲೆ ಆ ಮಾತು ಎಂದಿದ್ದಾಳೆ.

ಫಲಕದ ಮೇಲ್ಭಾಗದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ “ನಿರಾಳ ಯೋಗಶಾಲೆ”, ಕೆಳಗೆ ಸಣ್ಣದಾಗಿ ಇಂಗ್ಲಿಷು. ಶೇಕಡಾ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯಿದೆಗೂ ಅದು ಸರಿಹೊಂದಿತು. ಓಂಕಾರವಿಲ್ಲ, ಪದ್ಮಾಸನದ ಸುಂದರಿಯ ಚಿತ್ರವೂ ಇಲ್ಲ. ತರಗತಿಯ ಎರಡು ವೇಳೆಗಳನ್ನು ಮಾತ್ರ ಬರೆಸಿದ್ದಾಳೆ. ಐದು ತಿಂಗಳಾದವು, ಈಗ ಇಪ್ಪತ್ತೆರಡು ಜನರಿದ್ದಾರೆ, ಅವರಲ್ಲಿ ಹದಿನಾಲ್ಕು ಮಂದಿ ಸಂಜೆಯವರು. ಆ ದಾದಿಯೂ ಪಾಳಿಯಿಲ್ಲದ ದಿನ ಬರುತ್ತಾರಂತೆ. ಇಪ್ಪತ್ತೈದಕ್ಕೆ ಇನ್ನೂ ಮೂವರು ಬೇಕು.

ನಮ್ಮ ಹಳೆಯ ಫಲಕವನ್ನು ಅವಳು ಎಸೆಯಲಿಲ್ಲ. ಆಟೊದಲ್ಲಿ ತಂದು ನಮ್ಮ ಮನೆಗೆ ಒಪ್ಪಿಸಿದಳು. ಪೂಜೆಯ ಕೋಣೆಯ ಬಾಗಿಲಿಗಿಂತ ಅದು ಒಂದು ಗೇಣು ಅಗಲವಾಗಿರುವುದರಿಂದ ಹೊರಗಿನ ಗೋಡೆಗೆ ಒರಗಿಸಿ ಇಟ್ಟಿದ್ದೇವೆ.