ಬಾವಲಿ ಯಾವ ಜಿಲ್ಲೆಯದು?



ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ, ಹೊಳೆಯ ಎರಡೂ ಕಡೆ ಬಾವಲಿ ಎಂಬ ಹೆಸರೇ ಇದೆ. ಈಚೆಯದು ಮೈಸೂರು ಜಿಲ್ಲೆ, ಆಚೆಯದು ಕೇರಳದ ವಯನಾಡು. ಮೊಬೈಲ್ ನಕ್ಷೆಗಳಲ್ಲಿ ಗಡಿಗೆರೆ ಸ್ವಲ್ಪ ಸರಿದರೂ ಈಚೆ ದಡದ ಮನೆ ಕೇರಳಕ್ಕೆ ಸೇರಿದಂತೆ ಕಾಣುತ್ತದೆ. ವಿಳಾಸ ತುಂಬುವವರು ಅದನ್ನೇ ನಂಬಿಬಿಡುತ್ತಾರೆ.

ದಯವಿಟ್ಟು ಊರಿನ ಹೆಸರಿನಿಂದ ಹುಡುಕಬೇಡಿ, ಸರ್ವೆ ನಂಬರಿನಿಂದ ಹುಡುಕಿ. ಜಾಗದಲ್ಲೇ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಕರ್ನಾಟಕದ ನೆಲಕ್ಕೆ ಗ್ರಾಮ, ಹೋಬಳಿ, ಸರ್ವೆ ನಂಬರು ಬರುತ್ತವೆ. ದಡದ ಅಂಚಿನಲ್ಲಿ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಆದ್ದರಿಂದ ಅದೇ ನಂಬರನ್ನು ಪಹಣಿಯಲ್ಲೂ ಗ್ರಾಮನಕ್ಷೆಯಲ್ಲೂ ತಾಳೆ ನೋಡಬೇಕು. ಆಚೆ ದಡದ ಜಾಗವಾದರೆ ಅಲ್ಲಿನ ವಿಲೇಜ್ ಆಫೀಸಿನ ಕಂದಾಯ ರಸೀದಿಯೇ ಆಧಾರ. ಪಿನ್‌ಕೋಡ್ ಅಂಚೆ ಬಟವಾಡೆಗಾಗಿ ಮಾಡಿದ್ದು, ಮೊಬೈಲ್ ಸಿಗ್ನಲ್ಲಿಗೆ ಗಡಿಯೇ ಇಲ್ಲ. ಎರಡನ್ನೂ ಸಾಕ್ಷಿ ಎನ್ನಲಾಗದು.

ಕಾಡಂಚಿನ ಹಾಡಿಗಳದೇ ನಿಜವಾದ ಕಷ್ಟ. ಅಲ್ಲಿ ಬಹಳ ಮಂದಿಗೆ ಪಹಣಿಯೇ ಇಲ್ಲ. ಅಂಥವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರ ನೋಡಬೇಕು. ಗ್ರಾಮ, ತಾಲ್ಲೂಕು, ಜಿಲ್ಲೆ ಅದರಲ್ಲೇ ಇರುತ್ತವೆ. ಅದೂ ಇಲ್ಲದವರ ಹಾಡಿ ಯಾವ ಗ್ರಾಮಕ್ಕೆ ಸೇರಿದೆ ಎಂದು ತಾಲ್ಲೂಕು ಕಚೇರಿ ಬರೆದುಕೊಡಲಿ.

– ಓರ್ವ ಓದುಗ, ಹುಣಸೂರು