ಒಬ್ಬನೇ ಅಡ್ಮಿನ್, ಅವನೂ ಗಲ್ಫಿನಲ್ಲಿ!

ಈಚೆಗೆ ನಮ್ಮ ಮೊಹಲ್ಲಾದಲ್ಲಿ ಸುಬ್ಹಿಗೆ ಮೊದಲು ಹಿರಿಯರೊಬ್ಬರು ತೀರಿಕೊಂಡರು. ಮಯ್ಯಿತ್ ಸುದ್ದಿಯನ್ನು ಜಮಾಅತಿನ ವಾಟ್ಸಾಪ್ ಗ್ರೂಪಿಗೆ ಹಾಕಲು ಯಾರಿಂದಲೂ ಆಗಲಿಲ್ಲ. ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಗ್ರೂಪಿಗೆ ಬೀಗ ಬಿದ್ದಿತ್ತು. ಇದ್ದ ಒಬ್ಬನೇ ಅಡ್ಮಿನ್ ದಮ್ಮಾಮಿಗೆ ಹೋಗಿ, ಸೌದಿ ನಂಬರಿನಲ್ಲಿ ಹೊಸದಾಗಿ ವಾಟ್ಸಾಪ್ ಶುರು ಮಾಡಿದ್ದ. ದೂರದ ಸಂಬಂಧಿಕರಿಗೆ ವಿಷಯ ಗೊತ್ತಾಗುವಾಗ ದಫನ ಮುಗಿದಿತ್ತು.

"ಕಂಪೆನಿಗೆ ಬರೆದರೆ ಆಗುವುದಿಲ್ವಾ ಉಸ್ತಾದ್?" ಎಂದು ಕೆಲವರು ಕೇಳಿದರು. ಆಗುವುದಿಲ್ಲ. ವಾಟ್ಸಾಪ್‌ನವರು ನಮ್ಮ ಮಾತು ಕೇಳಿ ಇನ್ನೊಬ್ಬರನ್ನು ಅಡ್ಮಿನ್ ಮಾಡುವುದಿಲ್ಲ. ಅಡ್ಮಿನ್ ಹುದ್ದೆ ಹಳೆಯ ನಂಬರಿನ ಖಾತೆಯಲ್ಲೇ ಇರುತ್ತದೆ. ಹಾಗಾಗಿ ಆ ಖಾತೆಯನ್ನೇ ಮತ್ತೆ ತೆರೆಯಬೇಕು.

ಪುಣ್ಯಕ್ಕೆ ಹುಡುಗನ ಹಳೆಯ ಸಿಮ್ ಊರಿನ ಮನೆಯಲ್ಲಿತ್ತು. ತಮ್ಮ ಅದಕ್ಕೆ ರೀಚಾರ್ಜ್ ಮಾಡಿ, ಮನೆಯ ಇನ್ನೊಂದು ಮೊಬೈಲಿಗೆ ಹಾಕಿ, ಅದೇ ನಂಬರಿನಲ್ಲಿ ವಾಟ್ಸಾಪ್ ತೆರೆದ. 6 ಅಂಕೆಯ ಕೋಡ್ ಬಂತು. ಆಮೇಲೆ ಪಿನ್ ಕೇಳಿತು, ಅಣ್ಣ ಫೋನಿನಲ್ಲಿ ಹೇಳಿದ. ಪಿನ್ ಮರೆತು, ಇಮೇಲ್ ಕೂಡ ಕೊಟ್ಟಿರದಿದ್ದರೆ 7 ದಿನ ಕಾಯಬೇಕಿತ್ತು. ಹಳೆಯ ಚಾಟ್ ಏನೂ ಬರಲಿಲ್ಲ, ಆದರೆ ಗ್ರೂಪ್ ಬಂತು. ಸದಸ್ಯರ ಪಟ್ಟಿಯಲ್ಲಿ ಹೆಸರು ಒತ್ತಿ Make group admin ಕೊಟ್ಟ, ಅಷ್ಟೇ.

ಸಿಮ್ ಕಳೆದುಹೋಗಿದ್ದರೆ? ಯಾರ ಹೆಸರಿನಲ್ಲಿದೆಯೋ ಅವರೇ ದಾಖಲೆ ಹಿಡಿದು ಡೂಪ್ಲಿಕೇಟ್ ಸಿಮ್ ತೆಗೆಯಬೇಕು. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಗಾಬರಿ ಬೇಡ. ನಂಬರೇ ರದ್ದಾಗಿ ಬೇರೆಯವರ ಪಾಲಾಗಿದ್ದರೆ ಆ ಗ್ರೂಪಿನ ಆಸೆ ಬಿಟ್ಟು ಹೊಸದು ಮಾಡುವುದೇ ದಾರಿ. ಬೀಗ ಹಾಕಿದ ಗ್ರೂಪಾದರೆ ಹೊಸ ಲಿಂಕನ್ನು ಮನೆಮನೆಗೆ ಬೇರೆಬೇರೆಯಾಗಿ ಕಳಿಸಬೇಕಾಗುತ್ತದೆ.

ಒಂದು ಎಚ್ಚರ. ಇಂಥ ಹೊತ್ತಲ್ಲಿ "ನಾನೇ ಅಡ್ಮಿನ್, ಇದು ನನ್ನ ಹೊಸ ನಂಬರ್, ನಿಮಗೆ ಬಂದ ಕೋಡ್ ಕಳಿಸಿ" ಎಂಬ ಮೆಸೇಜ್ ಬಂದರೆ ಕೊಡಬೇಡಿ. ನಿಮ್ಮ ಮೊಬೈಲಿಗೆ ಬಂದ ಕೋಡ್ ನಿಮ್ಮ ಖಾತೆಯ ಬೀಗದ ಕೈ. ಗ್ರೂಪ್ ವಾಪಸು ತರಲು ಸದಸ್ಯರ ಕೋಡ್ ಬೇಕಾಗುವುದೇ ಇಲ್ಲ.

ವಿಮಾನ ಹತ್ತುವ ಮಕ್ಕಳಿಗೆ ಒಂದು ಮಾತು. ಹೊಸ ನಂಬರಿನಲ್ಲಿ ಹೊಸದಾಗಿ ಶುರು ಮಾಡಬೇಡಿ. ಹಳೆಯ ವಾಟ್ಸಾಪಿನ Settings, Account ಒಳಗೆ ನಂಬರ್ ಬದಲಿಸುವ ಆಯ್ಕೆ ಇದೆ. ಹಾಗೆ ಮಾಡಿದರೆ ಗ್ರೂಪುಗಳೂ ಅಡ್ಮಿನ್ ಹುದ್ದೆಯೂ ಜೊತೆಗೇ ಬರುತ್ತವೆ. ಸುಮ್ಮನೆ ಗ್ರೂಪ್ ಬಿಟ್ಟು ಹೋದರೆ ವಾಟ್ಸಾಪ್ ತಾನಾಗಿ ಯಾರನ್ನೋ ಅಡ್ಮಿನ್ ಮಾಡುತ್ತದೆ, ಅದು ಯಾರೂ ಆಗಬಹುದು.

ನಮ್ಮ ಗ್ರೂಪಿಗೆ ಈಗ ಮೂವರು ಅಡ್ಮಿನ್: ಖತೀಬರು, ಜಮಾಅತ್ ಕಾರ್ಯದರ್ಶಿ, ಊರಲ್ಲೇ ಇರುವ ಒಬ್ಬ ಯುವಕ. ನಿಮ್ಮ ಮೊಹಲ್ಲಾದ ಗ್ರೂಪಿನಲ್ಲಿ ಎಷ್ಟು ಮಂದಿ? ಇವತ್ತೇ ತೆರೆದು ನೋಡಿ. ಒಬ್ಬನೇ ಇದ್ದರೆ, ಅವನು ಊರಲ್ಲಿರುವಾಗಲೇ ಇನ್ನಿಬ್ಬರನ್ನು ಸೇರಿಸಿಕೊಳ್ಳಿ.