ಗೊತ್ತಿಲ್ಲ, ಗುರಿಯಿಲ್ಲ, ಯಂತ್ರ ಕಲಿಯಬೇಕಂತೆ!

ಸಹಕಾರ ಬ್ಯಾಂಕೊಂದರ ಅಧ್ಯಕ್ಷರು ಈಚೆಗೆ ನನ್ನ ಪರಿಚಯದ ತರುಣ ಇಂಜಿನಿಯರನೊಬ್ಬನನ್ನು ಕರೆಸಿ, “ಏನಪ್ಪಾ, ಎಲ್ಲ ಕಡೆಯೂ ಎಐ ಬಂತಲ್ಲ, ನಮಗೂ ಒಂದು ಮಾಡೆಲ್ ಟ್ರೈನ್ ಮಾಡಿಕೊಡು” ಎಂದರಂತೆ. ಯಾತಕ್ಕೆ ಸಾರ್? “ಸಾಲದ ವ್ಯವಹಾರಕ್ಕೆ.” ಹಳೆಯ ಲೆಕ್ಕ? “ಅದೆಲ್ಲ ಲೆಡ್ಜರಿನಲ್ಲಿದೆ, ಈಗ ಯಾರು ತೆಗೆಯುತ್ತಾರೆ!” ಮಾಡಿದ್ದು ಸರಿಯಿದೆಯೆಂದು ತಿಳಿಯುವುದು ಹೇಗೆ? “ನೋಡಿದರೆ ಗೊತ್ತಾಗುವುದಿಲ್ಲವೆ?”

ಗೊತ್ತಾಗುವುದಿಲ್ಲ. ಈ ಯಂತ್ರಕ್ಕೆ ಸ್ವಂತ ಬುದ್ಧಿಯೆಂಬುದಿಲ್ಲ. ಹಿಂದೆ ಸಾಲ ಪಡೆದವರ ಆದಾಯ, ಜಾಮೀನು, ಕಂತು ಕಟ್ಟಿದ ರೀತಿ ಇವುಗಳ ಪಕ್ಕದಲ್ಲಿ ‘ತೀರಿಸಿದ’, ‘ತೀರಿಸಲಿಲ್ಲ’ ಎಂದು ಬರೆದುಕೊಟ್ಟರೆ, ಅವೆರಡಕ್ಕೂ ಇರುವ ನಂಟನ್ನು ಅದು ಹಿಡಿಯುತ್ತದೆ, ಅಷ್ಟೆ. ಲೆಡ್ಜರು ಬೀರುವಿನಲ್ಲೇ ಉಳಿದರೆ ಅದು ಕಲಿಯುವುದೇನನ್ನು? ‘ತೀರಿಸಲಿಲ್ಲ’ ಎಂಬುದನ್ನಾದರೂ ಯಾರೋ ಒಬ್ಬರು ನಿಶ್ಚಯಿಸಬೇಡವೆ? ಬಾಕಿ 90 ದಿನ ಮೀರಿದರೆ ಸಾಲ ಕೆಟ್ಟಿತೆನ್ನುವುದು ಬ್ಯಾಂಕುಗಳ ಸಾಮಾನ್ಯ ವಾಡಿಕೆ. ಬೆಳೆಸಾಲಕ್ಕಾದರೋ ಫಸಲಿನ ಲೆಕ್ಕವೇ ಬೇರೆ. ಅಂದಹಾಗೆ, ಅರ್ಜಿ ತಿರಸ್ಕೃತವಾದವರು ಸಾಲ ತೀರಿಸುತ್ತಿದ್ದರೋ ಇಲ್ಲವೋ ಎಂಬುದು ಯಾವ ಲೆಡ್ಜರಿನಲ್ಲೂ ಸಿಕ್ಕದು. ಮ್ಯಾನೇಜರರ ಹಳೆಯ ಪೂರ್ವಗ್ರಹವನ್ನೇ ಯಂತ್ರವೂ ಕಲಿತೀತು.

ಇನ್ನು ಪರೀಕ್ಷೆಯ ಮಾತು. 1000 ಸಾಲಗಳಲ್ಲಿ 30 ಕೆಡುತ್ತವೆಂದಿಟ್ಟುಕೊಳ್ಳಿ. ‘ಎಲ್ಲರೂ ತೀರಿಸುತ್ತಾರೆ’ ಎಂದು ಕಣ್ಣುಮುಚ್ಚಿ ಹೇಳುವ ಯಂತ್ರವೂ 970 ಸಲ ಸರಿ. ನೂರಕ್ಕೆ 97 ಅಂಕ! ಮಹಾಸಭೆಯಲ್ಲಿ ಹಾರ ಹಾಕಿಸಿಕೊಳ್ಳಲು ಅಷ್ಟು ಸಾಕು. ಆದರೆ ಕೆಟ್ಟ ಸಾಲ ಒಂದನ್ನೂ ಅದು ಹಿಡಿಯಲಿಲ್ಲ. ಇನ್ನೊಂದು ಯಂತ್ರ 60 ಮಂದಿಯ ಮೇಲೆ ಅನುಮಾನಪಟ್ಟು, ಆ 30ರಲ್ಲಿ 20ನ್ನು ಹಿಡಿಯಿತೆನ್ನೋಣ. ಅನ್ಯಾಯವಾಗಿ ಸಿಕ್ಕಿಬಿದ್ದವರು 40, ತಪ್ಪಿಸಿಕೊಂಡವರು 10. ಅದಕ್ಕೆ ಸಿಕ್ಕುವುದು ನೂರಕ್ಕೆ 95. ಕೆಲಸಕ್ಕೆ ಬರುವ ಯಂತ್ರಕ್ಕೇ ಕಡಮೆ ಅಂಕ! 20 ಕೆಟ್ಟ ಸಾಲ ತಪ್ಪಿಸಲು 40 ಮಂದಿ ಪ್ರಾಮಾಣಿಕರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಬಹುದೆ? ಇದಕ್ಕೆ ಉತ್ತರ ಹೇಳಬೇಕಾದವರು ನಿರ್ದೇಶಕರು, ಇಂಜಿನಿಯರನಲ್ಲ. ಅದನ್ನೂ ಮೊದಲೇ ಹೇಳಬೇಕು. ಕಳೆದ ವರ್ಷದ ಸಾಲಗಳನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಟ್ಟು, ಆಮೇಲೆ ಅವುಗಳ ಮೇಲೆಯೇ ಅದನ್ನು ಪರೀಕ್ಷಿಸಬೇಕು. ಓದಿಸಿದ ಪಾಠದಲ್ಲೇ ಪ್ರಶ್ನೆ ಕೇಳಿದರೆ ಯಾವ ದಡ್ಡನೂ ಪಾಸು.

ಸಿದ್ಧವಾಗಿ ಸಿಕ್ಕುವ ದೊಡ್ಡ ಮಾಡೆಲುಗಳಿವೆಯಲ್ಲ ಎನ್ನುವವರುಂಟು. ಇವೆ. ಅವು ಲೋಕದ ಬರಹವನ್ನೆಲ್ಲ ಓದಿರಬಹುದು. ಈ ಬ್ಯಾಂಕಿನ ಲೆಡ್ಜರನ್ನು ಓದಿಲ್ಲ.

ಹುಡುಗ ಇಷ್ಟನ್ನೂ ವಿನಯದಿಂದಲೇ ಹೇಳಿ, ಐದು ವರ್ಷದ ಲೆಕ್ಕ ಕೊಡಿ ಎಂದು ಕೇಳಿದನಂತೆ. ಅಧ್ಯಕ್ಷರು ಈಗ ಬೇರೊಬ್ಬನನ್ನು ಗೊತ್ತುಮಾಡಿದ್ದಾರೆ. ಆತ ಏನೊಂದನ್ನೂ ಕೇಳದೆ ಮುಂಗಡ ಪಡೆದುಕೊಂಡು ಹೋದನೆಂದು ಸುದ್ದಿ.